ವಕೀಲರಿಗೆ ಒಂದೇ ಮೆಸೇಜಿನಲ್ಲಿ ಐದು ಪ್ರಶ್ನೆ: ನಂಬರ್ ಹಾಕಿ ಕೇಳುವುದು ಹೇಗೆ?

ಪ್ರಶ್ನೆ: ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ತುಮಕೂರಿನಲ್ಲಿ ಒಂದು ಸೈಟ್ ನೋಡಿದ್ದೇವೆ. ಊರಿನ ವಕೀಲರಿಗೆ ಕಾಗದಗಳನ್ನೆಲ್ಲ ವಾಟ್ಸಾಪ್ ಮಾಡಿ ಹೀಗೆ ಕೇಳಿದೆ: "ಸರ್ ನಮಸ್ಕಾರ, ಡಾಕ್ಯುಮೆಂಟ್ಸ್ ನೋಡಿದ್ರಾ? ಇ.ಸಿ. ಸರಿ ಇದೆಯಾ, ಖಾತಾ ಅವರ ಹೆಸರಲ್ಲೇ ಇದೆ ಅಲ್ವಾ, ಅವರ ತಂಗಿ ಸೈನ್ ಬೇಕಾ ಬೇಡ್ವಾ, ಅಡ್ವಾನ್ಸ್ ಎಷ್ಟು ಕೊಡಬಹುದು, 5 ಲಕ್ಷ ಕೇಳ್ತಿದ್ದಾರೆ, ಲೋನ್ ಸಿಗುತ್ತಾ, ಬೇರೆ ಏನಾದ್ರೂ ಪ್ರಾಬ್ಲಂ ಇದ್ರೂ ಹೇಳಿ." ಎರಡು ದಿನ ಬಿಟ್ಟು "ಹೌದು, ನೋಡಿದೆ" ಅಂತ ಮಾತ್ರ ಉತ್ತರ ಬಂತು. ಒಂದೊಂದಾಗಿ ಕೇಳಿದರೆ ಕಿರಿಕಿರಿ ಆಗುತ್ತೆ. ಎಲ್ಲಾ ಒಟ್ಟಿಗೆ ನಂಬರ್ ಹಾಕಿ ಕೇಳಿದರೆ ತಪ್ಪಾಗುತ್ತಾ? ಹೇಗೆ ಕೇಳಬೇಕು?

ಉತ್ತರ:

ತಪ್ಪೇನಿಲ್ಲ. ಆಸ್ತಿ ಕಾಗದ ನೋಡುವ ನನ್ನಂಥವರಿಗೆ ಅದೇ ಇಷ್ಟ. ಆದರೆ ನೀವು ಬರೆದ ಸಾಲುಗಳ ಮುಂದೆ ಸುಮ್ನೆ 1, 2, 3 ಅಂತ ಹಾಕಿದರೆ ಸಾಲದು. ಈ ಪ್ರಶ್ನೆಗಳಿಗೆ ನಂಬರ್ ಹಾಕಿದರೂ ಉತ್ತರ ಕೊಡುವುದು ಕಷ್ಟ.

ಮೊದಲ ಪ್ರಶ್ನೆಯನ್ನೇ ನೋಡಿ, "ನೋಡಿದ್ರಾ?" ನಿಮಗೆ ಅದು ಮಾತು ಶುರು ಮಾಡುವ ರೀತಿ. ಓದುವವರಿಗೆ ಅದೂ ಒಂದು ಪ್ರಶ್ನೆ, ಇದ್ದುದರಲ್ಲೇ ಸುಲಭದ ಪ್ರಶ್ನೆ. ವಕೀಲರು ಕೋರ್ಟ್ ವರಾಂಡದಲ್ಲಿ ಕೇಸ್ ಕರೆಯುವುದನ್ನು ಕಾಯುತ್ತಾ ಫೋನ್ ತೆಗೆದಿರುತ್ತಾರೆ. ಉತ್ತರಿಸಬಹುದಾದ ಒಂದಕ್ಕೆ ಉತ್ತರಿಸಿ ಫೋನ್ ಜೇಬಿಗೆ ಹಾಕುತ್ತಾರೆ. ಅವರ ಲೆಕ್ಕದಲ್ಲಿ ನಿಮಗೆ ಉತ್ತರ ಹೋಗಿಯಾಯಿತು. ಮೆಸೇಜಿನ ಪಕ್ಕದಲ್ಲಿ ಓದದ ಗುರುತೂ ಉಳಿದಿರುವುದಿಲ್ಲ. ಹಾಗಾಗಿ ಉಳಿದ ಪ್ರಶ್ನೆಗಳು ಮತ್ತೆ ಅವರ ಕಣ್ಣಿಗೆ ಬೀಳುವುದಿಲ್ಲ.

ಇ.ಸಿ. ಅಂದರೆ ಋಣಭಾರ ಪ್ರಮಾಣಪತ್ರ. "ಇ.ಸಿ. ಸರಿ ಇದೆಯಾ" ಎಂಬುದರಲ್ಲಿ ಕನಿಷ್ಠ ಮೂರು ಪ್ರಶ್ನೆಗಳಿವೆ. ಬೇಕಾದ ವರ್ಷಗಳೆಲ್ಲ ಅದರಲ್ಲಿ ಬಂದಿವೆಯೇ? ಅದರಲ್ಲಿ ಸಾಲ, ಅಡಮಾನದ ನಮೂದು ಇದೆಯೇ? ಚಕ್ಕುಬಂದಿ, ಅಳತೆ ಕ್ರಯಪತ್ರದ ಜೊತೆ ಹೊಂದುತ್ತವೆಯೇ? ಮೂರಕ್ಕೂ ಸೇರಿಸಿ "ಸರಿ ಇದೆ" ಅಂತ ಒಂದೇ ಮಾತು ಬರೆಯಲು ಎಚ್ಚರಿಕೆಯ ವಕೀಲರಿಗೆ ಕೈ ಬರುವುದಿಲ್ಲ. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿ ಮಾಡಿಸದ ವಿಲ್, ಮನೆಯೊಳಗೆ ಬರೆದಿಟ್ಟುಕೊಂಡ ಪಾಲುಪಟ್ಟಿ ಅದರಲ್ಲಿ ಬರುವುದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಅರ್ಧ ಪುಟ ಆಗುತ್ತದೆ. ಅರ್ಧ ಪುಟ ಬೇಡುವ ಪ್ರಶ್ನೆ ಯಾವಾಗಲೂ "ಆಮೇಲೆ ಬರೆಯೋಣ" ಎಂಬ ಪಟ್ಟಿಗೆ ಸೇರುತ್ತದೆ.

"ಸೈನ್ ಬೇಕಾ ಬೇಡ್ವಾ" ಎಂಬುದಕ್ಕೆ "ಹೌದು" ಅಂತ ಬಂದರೆ ಏನು ತಿಳಿಯುತ್ತೀರಿ? ಬೇಕು ಅಂತಲೋ, ಬೇಡ ಅಂತಲೋ? ಮಾತಿನಲ್ಲಿ ಮುಖ ನೋಡಿ ಗೊತ್ತಾಗುತ್ತದೆ. ಬರಹದಲ್ಲಿ ಗೊತ್ತಾಗುವುದಿಲ್ಲ. ಒಂದು ನಂಬರಿನ ಕೆಳಗೆ ಹೌದು ಅಥವಾ ಇಲ್ಲ ಎಂದರೆ ಒಂದೇ ಅರ್ಥ ಬರುವಂತೆ ಪ್ರಶ್ನೆ ಇರಬೇಕು.

ಇನ್ನು ಕೊನೆಯದು, "ಬೇರೆ ಏನಾದ್ರೂ ಪ್ರಾಬ್ಲಂ ಇದ್ರೂ ಹೇಳಿ." ನನ್ನ ಪ್ರಕಾರ ನಿಮ್ಮ ಮೆಸೇಜನ್ನು ಮುಳುಗಿಸಿದ್ದು ಇದೇ. ಇದಕ್ಕೆ ಉತ್ತರಿಸಬೇಕಾದರೆ ಎಲ್ಲಾ ಕಾಗದ ಓದಿ, ಹಕ್ಕಿನ ಸರಪಳಿ ಬರೆದು, ಸಹಿ ಹಾಕಿದ ಅಭಿಪ್ರಾಯ ಕೊಡಬೇಕು. ನಾವು ಅದನ್ನು ಲೀಗಲ್ ಒಪೀನಿಯನ್ ಅನ್ನುತ್ತೇವೆ. ಅದು ಬೇರೆ ಕೆಲಸ, ಅದಕ್ಕೆ ಬೇರೆ ಫೀಸು. ಅದು ನಿಮಗೆ ಬೇಕೇ ಬೇಕು. ಆದರೆ ಅದನ್ನು "ಲೀಗಲ್ ಒಪೀನಿಯನ್ ಕೊಡಿ, ಫೀಸ್ ಎಷ್ಟು?" ಅಂತ ಬೇರೆಯಾಗಿಯೇ ಕೇಳಿ. ಚಿಕ್ಕ ಪ್ರಶ್ನೆಗಳ ಬಾಲಕ್ಕೆ ಅದನ್ನು ಕಟ್ಟಿದರೆ ಅದು ಆಗುವವರೆಗೆ ಚಿಕ್ಕವೂ ಕಾಯುತ್ತವೆ.

ಕೇಳುವ ಮೊದಲು ತೆಗೆದುಹಾಕಬೇಕಾದವು

ನಂಬರ್ ಹಾಕುವ ಮೊದಲು ಒಂದು ಕಾಗದದ ಮೇಲೆ ನಿಮ್ಮ ಪ್ರಶ್ನೆಗಳನ್ನೆಲ್ಲ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ, ಇದಕ್ಕೆ ಉತ್ತರ ಯಾರ ಹತ್ತಿರ ಇದೆ ಅಂತ ಬರೆಯಿರಿ. ನಿಮ್ಮ ಪಟ್ಟಿ ಅಲ್ಲೇ ಅರ್ಧ ಆಗುತ್ತದೆ.

ಖಾತಾ ಯಾರ ಹೆಸರಲ್ಲಿದೆ ಎಂಬುದು ಖಾತಾ ಪ್ರತಿಯಲ್ಲೇ ಇದೆ, ನೀವೇ ಓದಬಹುದು. ಲೋನ್ ಸಿಗುತ್ತದೆಯೇ ಎಂದು ಹೇಳಬೇಕಾದವರು ಬ್ಯಾಂಕಿನವರು. ಅವರು ತಮ್ಮ ಪ್ಯಾನಲ್ ವಕೀಲರಿಂದ ಬೇರೆಯಾಗಿ ಅಭಿಪ್ರಾಯ ತರಿಸುತ್ತಾರೆ. ಟಿಡಿಎಸ್ ಲೆಕ್ಕ ಇದ್ದರೆ ಅದು ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಹೋಗಲಿ. "ಅಡ್ವಾನ್ಸ್ ಎಷ್ಟು" ಎಂಬುದು ನಿಮ್ಮ ಮತ್ತು ಮಾರುವವರ ನಡುವಿನ ಮಾತು. ವಕೀಲರು ಹೇಳಬಹುದಾದದ್ದು ಈಗ ಕೊಡಬಹುದೋ, ಕಾಯಬೇಕೋ ಎಂಬುದನ್ನು. ಪ್ರಶ್ನೆಯನ್ನು ಅಲ್ಲಿಗೆ ತಿರುಗಿಸಿದರೆ ಒಂದೇ ಪದದ ಉತ್ತರ ಸಿಗುತ್ತದೆ.

ಬೇರೆ ಬೇರೆ ಜನಕ್ಕೆ ಹೋಗಬೇಕಾದ ಪ್ರಶ್ನೆಗಳನ್ನು ಒಂದೇ ಗ್ರೂಪಿನಲ್ಲಿ ಒಟ್ಟಿಗೆ ಹಾಕುವುದೂ ಬೇಡ. ವಕೀಲರು, ಬ್ರೋಕರ್, ಮಾವ, ಎಲ್ಲರೂ ಇರುವ ಗ್ರೂಪಿನಲ್ಲಿ ಐದು ಪ್ರಶ್ನೆ ಹಾಕಿದರೆ, ಐದಕ್ಕೂ ಬ್ರೋಕರ್ ಉತ್ತರ ಮೊದಲು ಬರುತ್ತದೆ.

ಹಿನ್ನೆಲೆ ಅಂದರೆ ಕಥೆ ಅಲ್ಲ

ನಂಬರಿನ ಪ್ರಶ್ನೆಗಳ ಮೇಲೆ ನಾಲ್ಕೈದು ಸಾಲಿನ ಹಿನ್ನೆಲೆ ಬೇಕು. ಇಲ್ಲಿ ಎಡವುವವರೇ ಜಾಸ್ತಿ. ಒಂದೋ ಏನೂ ಬರೆಯುವುದಿಲ್ಲ, ಇಲ್ಲವೇ ಸೈಟ್ ನೋಡಲು ಹೋದ ದಿನದಿಂದ ಶುರು ಮಾಡುತ್ತಾರೆ. ಯಾವುದನ್ನು ಇಡಬೇಕು ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಆ ಸಂಗತಿ ಬದಲಾದರೆ ಯಾವುದಾದರೂ ಉತ್ತರ ಬದಲಾಗುತ್ತದೆಯೇ? ಬದಲಾಗುವುದಿದ್ದರೆ ಬರೆಯಿರಿ. ಇಲ್ಲದಿದ್ದರೆ ಬಿಡಿ.

ನೀವು ಸಂಸಾರದ ವಿವರ ಕೊಟ್ಟಿಲ್ಲ. ಹಾಗಾಗಿ ಒಂದನ್ನು ಕಲ್ಪಿಸಿಕೊಳ್ಳೋಣ. ಸೈಟನ್ನು ಮಾರುವವರ ತಂದೆ 1998ರಲ್ಲಿ ತಮ್ಮ ದುಡ್ಡಿನಲ್ಲಿ ಕ್ರಯಕ್ಕೆ ತೆಗೆದುಕೊಂಡರು. 2016ರಲ್ಲಿ ತೀರಿಕೊಂಡರು. ವಿಲ್ ಬರೆದಿಲ್ಲ. ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಇದ್ದಾರೆ. ಮಗನ ಹೆಸರಿಗೆ ಖಾತಾ ಆಗಿದೆ, ಮಾರುತ್ತಿರುವವರು ಅವರೇ. ಮಗಳು ದುಬೈನಲ್ಲಿದ್ದಾರೆ.

"ತಂಗಿ ಸೈನ್ ಬೇಕಾ" ಎಂಬ ಒಂದೇ ಪ್ರಶ್ನೆಗೆ ಇವುಗಳಲ್ಲಿ ಎಷ್ಟು ಬೇಕು ನೋಡಿ. ತಂದೆ ಸ್ವಂತ ದುಡ್ಡಿನಲ್ಲಿ ಕೊಂಡದ್ದೋ ಪಿತ್ರಾರ್ಜಿತವೋ, ವಿಲ್ ಇದೆಯೋ ಇಲ್ಲವೋ, ಯಾರ್ಯಾರು ಬದುಕಿದ್ದಾರೆ, ಎಲ್ಲವೂ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಿಲ್ ಬರೆಯದೆ ತೀರಿಕೊಂಡವರ ಸ್ವಂತ ಆಸ್ತಿ ಮೊದಲ ವರ್ಗದ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಮಗ, ಮಗಳು ಮೂವರೂ ಅದರಲ್ಲಿ ಬರುತ್ತಾರೆ. ತೀರಿಕೊಂಡವರ ತಾಯಿಯೂ ಬರುತ್ತಾರೆ, ಅದನ್ನು ಜನ ಮರೆಯುತ್ತಾರೆ. 2016ರಲ್ಲಿ ಮಾರುವವರ ಅಜ್ಜಿ, ಅಂದರೆ ತಂದೆಯ ತಾಯಿ, ಬದುಕಿದ್ದರೆ ಅವರಿಗೂ ಒಂದು ಪಾಲು. ಆ ಒಂದು ಸಂಗತಿ ಬರೆಯದಿದ್ದರೆ ವಕೀಲರು ಉತ್ತರಿಸುವ ಬದಲು ವಾಪಸ್ ಪ್ರಶ್ನೆ ಕೇಳಬೇಕಾಗುತ್ತದೆ. ನೀವು ಮಾರುವವರನ್ನು ಕೇಳಿ, ಅವರು ಮನೆಯಲ್ಲಿ ಕೇಳಿ, ಮತ್ತೆ ನಿಮಗೆ ಹೇಳುವಷ್ಟರಲ್ಲಿ ವಾರ ಕಳೆಯುತ್ತದೆ.

ಸೈಟಿಗೆ ಪೂರ್ವ ದಿಕ್ಕಿನ ರಸ್ತೆ ಇದೆ, ಬೆಲೆ ಎಷ್ಟು ಇಳಿಸಿದರು, ಬ್ರೋಕರ್ ಯಾರು ಎಂಬುದರಿಂದ ಮೇಲಿನ ಯಾವ ಉತ್ತರವೂ ಬದಲಾಗುವುದಿಲ್ಲ. ಅವೆಲ್ಲ ಬಿಡಿ.

ಹಾಗಾದರೆ ಮೆಸೇಜ್ ಹೀಗಿರಲಿ

ವಿಷಯ: ತುಮಕೂರು ಸೈಟ್, ಅಗ್ರಿಮೆಂಟ್‌ಗೆ ಮೊದಲು 5 ಪ್ರಶ್ನೆ. 5ನೆಯದಕ್ಕೆ ಶನಿವಾರ ಸಂಜೆಯೊಳಗೆ ಉತ್ತರ ಬೇಕಿತ್ತು.

ನಮಸ್ಕಾರ ಸರ್. ಹಿನ್ನೆಲೆ: ಮಾರುವವರ ತಂದೆ 1998ರಲ್ಲಿ ಸ್ವಂತ ಹಣದಲ್ಲಿ ಕೊಂಡ ಸೈಟ್. 2016ರಲ್ಲಿ ತೀರಿಕೊಂಡರು, ವಿಲ್ ಇಲ್ಲ ಎನ್ನುತ್ತಾರೆ. ಆಗ ಇದ್ದವರು ಹೆಂಡತಿ, ಮಗ, ಮಗಳು. ತಂದೆಯ ತಾಯಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಈಗ ಖಾತಾ ಮಗನ ಹೆಸರಲ್ಲಿದೆ. ಮಗಳು ದುಬೈನಲ್ಲಿದ್ದಾರೆ.

ಕಳಿಸಿರುವ ಕಾಗದ: (ಅ) 1998ರ ಕ್ರಯಪತ್ರ (ಆ) ಇ.ಸಿ. (ಇ) ಖಾತಾ (ಈ) ವಂಶವೃಕ್ಷ

ಪ್ರ1. ನನಗೆ ಕ್ರಯ ಮಾಡಿಕೊಡುವಾಗ ತಾಯಿ ಮತ್ತು ಮಗಳೂ ಸಹಿ ಹಾಕಬೇಕೇ? (ಇಬ್ಬರೂ / ತಾಯಿ ಮಾತ್ರ / ಮಗಳು ಮಾತ್ರ / ಯಾರೂ ಬೇಡ)

ಪ್ರ2. ಮಗಳ ಸಹಿ ಬೇಕಾದರೆ ಮಾತ್ರ: ಅವರು ಬರದೆ ದುಬೈನಿಂದ ಪವರ್ ಆಫ್ ಅಟಾರ್ನಿ ಕಳಿಸಿದರೆ ನಡೆಯುತ್ತದೆಯೇ?

ಪ್ರ3. (ಆ) ಇ.ಸಿ. 2004ರಿಂದ ಶುರುವಾಗುತ್ತದೆ. 1998ರಿಂದ 2004ರವರೆಗಿನ ಇ.ಸಿ. ಕೂಡ ತರಿಸಬೇಕೇ?

ಪ್ರ4. (ಆ) ಇ.ಸಿ.ಯ ಮೂರನೇ ನಮೂದಿನಲ್ಲಿ 2009ರ ಬ್ಯಾಂಕ್ ಅಡಮಾನ ಇದೆ. ತೀರಿದ ನಮೂದು ನನಗೆ ಕಾಣಲಿಲ್ಲ. ಮಾರುವವರಿಂದ ಯಾವ ಕಾಗದ ಕೇಳಲಿ?

ಪ್ರ5. ಮಾರುವವರು ಭಾನುವಾರ 5 ಲಕ್ಷ ಮುಂಗಡ ಕೇಳಿದ್ದಾರೆ. ಈಗ ಕೊಡಬಹುದೇ? (ಕೊಡಿ / ಬೇಡ)

ನಂಬರ್ ಹಾಕಿ ಒಂದೊಂದು ಮಾತಿನಲ್ಲಿ ತಿಳಿಸಿದರೆ ಸಾಕು. 1ರಿಂದ 4 ಮುಂದಿನ ವಾರ ಆದರೂ ಪರವಾಗಿಲ್ಲ.

ಮೇಲ್ನೋಟಕ್ಕೆ ಇದು ನಿಮ್ಮ ಮೊದಲ ಮೆಸೇಜಿಗಿಂತ ಉದ್ದ ಇದೆ. ಓದಲು ಒಂದು ನಿಮಿಷ ಜಾಸ್ತಿ ಬೇಕು. ಆದರೆ ಉತ್ತರ ಬರೆಯಲು ಬೇಕಾದ ಸಮಯ ತುಂಬಾ ಕಡಿಮೆಯಾಯಿತು. ಬಿಡುವಿಲ್ಲದವರಿಗೆ ಭಾರವಾಗುವುದು ಬರೆಯುವ ಕೆಲಸ, ಓದುವುದಲ್ಲ. ವರಾಂಡದಲ್ಲಿ ನಿಂತೇ ಹೀಗೆ ಉತ್ತರ ಬರಬಹುದು:

"1 ಇಬ್ಬರೂ. 2 ಆಗುತ್ತೆ, ಕಾನ್ಸುಲೇಟ್‌ನಲ್ಲಿ ಮಾಡಿಸಲಿ, ಡ್ರಾಫ್ಟ್ ನಾನು ಕಳಿಸ್ತೀನಿ. 3 ಹೌದು. 4 ಬ್ಯಾಂಕ್ ನೋ ಡ್ಯೂ, ಅಡಮಾನ ಬಿಡುಗಡೆ ಪತ್ರ, ಒರಿಜಿನಲ್ ಕ್ರಯಪತ್ರ. 5 ಬೇಡ."

ಈ ಐದು ಚಿಕ್ಕ ಉತ್ತರಗಳಲ್ಲಿ ನಿಮಗೆ ಬೇಕಾದ್ದು ಹೆಚ್ಚು ಕಡಿಮೆ ಎಲ್ಲಾ ಇದೆ. ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊರದೇಶದಲ್ಲಿ ಒಡಹುಟ್ಟಿದವರಿರುವ ಮನೆಗಳಲ್ಲಿ ಇದು ಬಂದೇ ಬರುತ್ತದೆ. ಹೊರದೇಶದಲ್ಲಿ ಮಾಡುವ ಪವರ್ ಆಫ್ ಅಟಾರ್ನಿಯನ್ನು ಅಲ್ಲಿನ ನೋಟರಿ ಅಥವಾ ಭಾರತದ ಕಾನ್ಸುಲೇಟ್ ಅಧಿಕಾರಿಯ ಮುಂದೆ ಸಹಿ ಮಾಡಿ ದೃಢೀಕರಿಸಬೇಕು. ಅದು ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿ ಸ್ಟಾಂಪ್ ಶುಲ್ಕ ಕಟ್ಟಿಸಬೇಕು. ನೋಂದಣಿ ದಿನ ನೆನಪಾದರೆ ಆಗುವ ಕೆಲಸ ಅಲ್ಲ ಇದು. ಅದಕ್ಕೇ ಈ ಪ್ರಶ್ನೆ ಅಗ್ರಿಮೆಂಟ್‌ಗೆ ಮೊದಲೇ ಹೋಗಬೇಕು.

ಯಾಕೆ ಹೀಗೆ ಜೋಡಿಸಿದೆ

ಪ್ರ2 ಶುರುವಾಗುವುದೇ "ಮಗಳ ಸಹಿ ಬೇಕಾದರೆ ಮಾತ್ರ" ಅಂತ. ಒಂದರ ಉತ್ತರದ ಮೇಲೆ ಇನ್ನೊಂದು ನಿಂತಿದ್ದರೆ ಅದನ್ನು ಹೇಳಿಬಿಡಿ, ಮತ್ತು ಎರಡನ್ನೂ ಪಕ್ಕಪಕ್ಕ ಇಡಿ. ಆಗ ಮೊದಲನೆಯದಕ್ಕೆ "ಯಾರೂ ಬೇಡ" ಅಂತ ಬಂದರೆ ಎರಡನೆಯದನ್ನು ಅವರು ನೋಡದೇ ದಾಟಬಹುದು. ಎರಡಕ್ಕೆ ಉತ್ತರ ಬರಲಿಲ್ಲ ಅಂತ ನೀವು ಗಾಬರಿಯಾಗುವುದಿಲ್ಲ.

ಅವಸರದ ಪ್ರಶ್ನೆಯನ್ನು ಕೊನೆಯಲ್ಲಿ ಇಟ್ಟಿದ್ದೇನೆ. ಇದಕ್ಕೆ ಕೆಲವರು ಒಪ್ಪುವುದಿಲ್ಲ, ಮೊದಲೇ ಇಡಬೇಕು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮುಂಗಡ ಕೊಡಬಹುದೇ ಎಂಬುದಕ್ಕೆ ಉತ್ತರ ಬರುವುದೇ ಮೇಲಿನ ನಾಲ್ಕರಿಂದ. ಮೇಲಿಂದ ಓದುತ್ತಾ ಬಂದವರು, ಇನ್ನಿಬ್ಬರ ಸಹಿ ಆಗಬೇಕು, 2009ರ ಅಡಮಾನ ತೀರಿದ ಗುರುತಿಲ್ಲ ಎಂದು ನೋಡಿಕೊಂಡೇ ಐದಕ್ಕೆ ಬರುತ್ತಾರೆ. ಆಗ "ಬೇಡ" ಎಂದು ಬರೆಯಲು ಯೋಚಿಸಬೇಕಿಲ್ಲ. ಆದರೆ ಅವಸರ ಇದೆ ಎಂಬುದು ಮೇಲಿನ ಸಾಲಿನಲ್ಲೇ ಗೊತ್ತಾಗಬೇಕು. ಅದಕ್ಕೆ ವಿಷಯದ ಸಾಲಿನಲ್ಲೇ ಶನಿವಾರ ಎಂದಿದೆ. ಎಲ್ಲದಕ್ಕೂ "ಅರ್ಜೆಂಟ್" ಅಂತ ಬರೆದರೆ ಯಾವುದಕ್ಕೂ ಆ ಬೆಲೆ ಉಳಿಯುವುದಿಲ್ಲ.

ಕಾಗದಗಳಿಗೆ ಅ, ಆ, ಇ, ಈ, ಪ್ರಶ್ನೆಗಳಿಗೆ 1, 2, 3. ಇದನ್ನು ಬೇಕೆಂದೇ ಮಾಡಿದೆ. ಎರಡಕ್ಕೂ ಅಂಕಿ ಹಾಕಿದರೆ "3 ಸರಿ ಇಲ್ಲ" ಎಂಬ ಉತ್ತರ ಬಂದಾಗ ಮೂರನೇ ಪ್ರಶ್ನೆಯೋ ಮೂರನೇ ಕಾಗದವೋ ತಿಳಿಯದು. ಕಡತದ ಹೆಸರನ್ನೂ ಅದೇ ಅಕ್ಷರದಿಂದ ಶುರು ಮಾಡಿ ಉಳಿಸಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಹೆಸರು ಉಳಿಯುವುದಿಲ್ಲ, ಅಕ್ಷರವೂ ಮಸುಕಾಗುತ್ತದೆ. ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಡಾಕ್ಯುಮೆಂಟ್ ಎಂದು ಕಳಿಸಿ.

ಪ್ರ4ರಲ್ಲಿ ಇನ್ನೊಂದು ವಿಷಯ ಗಮನಿಸಿ. "ಸಾಲ ಇದೆಯಾ" ಅಂತ ಕೇಳಲಿಲ್ಲ. ನೀವೇ ಓದಿ, ಯಾವ ನಮೂದು, ಯಾವ ವರ್ಷ ಎಂದು ತೋರಿಸಿ, ನಿಮಗೆ ಕಾಣದೇ ಇದ್ದದ್ದೇನು ಎಂದು ಹೇಳಿದ್ದೀರಿ. ವಕೀಲರು ಆ ಸಾಲಿಗೆ ನೇರ ಹೋಗಿ ನೋಡುತ್ತಾರೆ. ನೀವು ತಪ್ಪು ಓದಿದ್ದರೂ ಅಲ್ಲೇ ತಿದ್ದುತ್ತಾರೆ. ಇ.ಸಿ. ಓದುವುದು ಅಷ್ಟೇನೂ ಕಷ್ಟವಲ್ಲ. ನಮ್ಮಲ್ಲಿ ನಮೂನೆ 15 ಬಂದರೆ ಆ ಅವಧಿಯಲ್ಲಿ ವ್ಯವಹಾರ ನಡೆದಿದೆ ಅಂತ, ನಮೂನೆ 16 ಬಂದರೆ ಏನೂ ನೋಂದಣಿ ಆಗಿಲ್ಲ ಅಂತ. ನಮೂನೆ 15 ಆದರೆ ಪ್ರತಿ ನಮೂದಿನಲ್ಲಿ ಯಾವ ಪತ್ರ, ಯಾರಿಂದ ಯಾರಿಗೆ, ಯಾವ ದಿನ ಎಂದು ಇರುತ್ತದೆ. ಅಷ್ಟು ಓದಿಕೊಂಡು ಕೇಳಿದರೆ ನಿಮ್ಮ ಪ್ರಶ್ನೆಯ ಹಿಡಿತವೇ ಬೇರೆ.

ಎಷ್ಟು ಪ್ರಶ್ನೆ ಹಿಡಿಸುತ್ತದೆ?

ಫೋನಿನಲ್ಲಿ ಓದುವವರಿಗೆ ಐದು, ಹೆಚ್ಚೆಂದರೆ ಆರು. ಅದಕ್ಕಿಂತ ಜಾಸ್ತಿ ಆದರೆ ಪ್ರಶ್ನೆ ನೋಡಲು ಮೇಲೆ ಹೋಗಿ, ಉತ್ತರ ಬರೆಯಲು ಕೆಳಗೆ ಬರಬೇಕು. ಆ ಓಡಾಟದಲ್ಲಿ ಒಂದೆರಡು ತಪ್ಪಿಹೋಗುತ್ತವೆ. ಹತ್ತು ಇದ್ದರೆ ಇಮೇಲ್ ಮಾಡಿ, ಇಲ್ಲವೇ ಮೊದಲ ಐದು ಮುಗಿದ ಮೇಲೆ ಉಳಿದವು ಕಳಿಸಿ. ಉತ್ತರ ಬಂದಾಗ ಉಳಿದ ಐದರಲ್ಲಿ ಎರಡು ಮೂರು ತಾವಾಗಿಯೇ ಬಿದ್ದುಹೋಗಿರುತ್ತವೆ.

ಸರ್ಕಾರಿ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಕೇಳುವಾಗ ಈ ಮಿತಿ ನಿಯಮದಲ್ಲೇ ಇದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಎರಡು ವಿಷಯ ಹಾಕಿದರೆ ಅಧಿಕಾರಿ ಮೊದಲನೆಯದಕ್ಕೆ ಮಾತ್ರ ಉತ್ತರಿಸಿ, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ಕೇಂದ್ರದ ಕಚೇರಿಗಳಿಗೆ ಹಾಕುವ ಅರ್ಜಿಗೆ ಮಿತಿ ಸಾಮಾನ್ಯವಾಗಿ 500 ಪದ. ಅಲ್ಲಿಯೂ ಒಂದೊಂದು ಅಂಶಕ್ಕೆ ನಂಬರ್ ಹಾಕಿ ಕೇಳಿದರೆ, "2ನೇ ಅಂಶಕ್ಕೆ ಮಾಹಿತಿ ಕೊಟ್ಟಿಲ್ಲ" ಎಂದು ಮೇಲ್ಮನವಿಯಲ್ಲಿ ಬೆರಳಿಟ್ಟು ತೋರಿಸಬಹುದು. ಕಂತೆಯಾಗಿ ಕೇಳಿದವರಿಗೆ ಏನು ಬಂದಿಲ್ಲ ಎಂದು ಹೇಳುವುದೇ ಕಷ್ಟ.

ನಂಬರ್ ಕೆಡುವ ಜಾಗಗಳು

ಕಂಪ್ಯೂಟರಿನಲ್ಲಿ ವಾಟ್ಸಾಪ್ ತೆರೆದು ಬರೆಯುವಾಗ ಎಂಟರ್ ಒತ್ತಿದರೆ ಮೆಸೇಜ್ ಹೋಗಿಬಿಡುತ್ತದೆ. ಅರ್ಧ ಮೆಸೇಜ್ ಹೋಗಿ, ಉಳಿದದ್ದು ಬರುವಷ್ಟರಲ್ಲಿ ಆ ಅರ್ಧಕ್ಕೆ ಉತ್ತರ ಬಂದಿರುತ್ತದೆ. ಹೊಸ ಸಾಲಿಗೆ ಶಿಫ್ಟ್ ಹಿಡಿದು ಎಂಟರ್ ಒತ್ತಬೇಕು. ನೋಟ್ಸ್‌ನಲ್ಲಿ ಪೂರ್ತಿ ಬರೆದು, ಒಮ್ಮೆ ಓದಿ, ಆಮೇಲೆ ಅಂಟಿಸುವುದು ಅದಕ್ಕಿಂತ ವಾಸಿ.

ಇಮೇಲಿನಲ್ಲಿ ತೊಂದರೆ ಬೇರೆ. ತಾನಾಗಿಯೇ ನಂಬರ್ ಹಾಕುವ ಪಟ್ಟಿ ಇರುತ್ತದಲ್ಲ, ಅದನ್ನು ಬಳಸಿ ಪ್ರಶ್ನೆ ಕಳಿಸಿದಿರಿ ಎಂದುಕೊಳ್ಳಿ. ಉತ್ತರಿಸುವವರು ನಿಮ್ಮ ಒಂದನೇ ಪ್ರಶ್ನೆಯ ಕೊನೆಯಲ್ಲಿ ಎಂಟರ್ ಒತ್ತಿ ಬರೆಯಲು ಹೋಗುತ್ತಾರೆ. ಅವರ ಉತ್ತರಕ್ಕೇ 2 ಎಂಬ ನಂಬರ್ ಬೀಳುತ್ತದೆ. ನಿಮ್ಮ ಎರಡನೇ ಪ್ರಶ್ನೆ ಮೂರಾಗುತ್ತದೆ. ಕೊನೆಗೆ ಐದು ಪ್ರಶ್ನೆ ಇದ್ದದ್ದು ಹತ್ತು ನಂಬರ್ ಆಗಿ, ಯಾವುದು ಪ್ರಶ್ನೆ ಯಾವುದು ಉತ್ತರ ಗೊತ್ತಾಗುವುದಿಲ್ಲ. ನಂಬರನ್ನು "ಪ್ರ1", "ಪ್ರ2" ಎಂದು ಕೈಯಲ್ಲೇ ಟೈಪ್ ಮಾಡಿದರೆ ಈ ತಾಪತ್ರಯ ಇಲ್ಲ. ಅದಕ್ಕೇ ಮೇಲೆ ಹಾಗೆ ಬರೆದಿದ್ದೇನೆ. ಪ್ರತಿ ಪ್ರಶ್ನೆಯ ಕೆಳಗೆ ಒಂದು ಖಾಲಿ ಸಾಲು ಬಿಟ್ಟರೆ ಉತ್ತರ ಎಲ್ಲಿ ಬರೆಯಬೇಕು ಎಂದೂ ಹೇಳಿದಂತಾಗುತ್ತದೆ.

ಉತ್ತರ ಬಂದ ಮೇಲೆ

ಐದರಲ್ಲಿ ಮೂರಕ್ಕೆ ಮಾತ್ರ ಉತ್ತರ ಬಂದರೆ ಇಡೀ ಮೆಸೇಜನ್ನು ಮತ್ತೆ ಕಳಿಸಬೇಡಿ. "ಥ್ಯಾಂಕ್ಸ್ ಸರ್. ಪ್ರ3, ಪ್ರ5 ಬಾಕಿ" ಎಂದು ಬರೆದು, ಆ ಎರಡು ಪ್ರಶ್ನೆಯ ಸಾಲನ್ನು ಹಾಗೇ ಅದರ ಕೆಳಗೆ ಹಾಕಿ. ಮೇಲೆ ಹುಡುಕಿಕೊಂಡು ಹೋಗುವ ಕೆಲಸ ಅವರಿಗೆ ಬೇಡ. ನಂಬರ್ ಬದಲಿಸಬೇಡಿ. ಉಳಿದ ಎರಡನ್ನು ಪ್ರ1, ಪ್ರ2 ಮಾಡಿದರೆ "1 ಇಬ್ಬರೂ" ಎಂಬ ಹಳೆಯ ಉತ್ತರ ಹೊಸ ಪ್ರಶ್ನೆಗೆ ತಗುಲಿಕೊಳ್ಳುತ್ತದೆ. ಹೊಸ ಪ್ರಶ್ನೆ ಹುಟ್ಟಿದರೆ ಅದು ಪ್ರ6. ಬ್ಯಾಂಕಿನ ನೋ ಡ್ಯೂ ಪತ್ರ ಬಂದರೆ ಅದು (ಉ) ಕಾಗದ. ಈ ನಂಬರುಗಳು ನೋಂದಣಿ ಮುಗಿಯುವವರೆಗೂ ಹಾಗೇ ಇರಲಿ.

ವಕೀಲರು ವಾಯ್ಸ್ ಮೆಸೇಜ್ ಕಳಿಸುವುದು ಈಗ ಜಾಸ್ತಿ. ಅದು ಅವರಿಗೆ ಸುಲಭ, ಬೇಡ ಅನ್ನಬೇಡಿ. ಕೇಳಿಸಿಕೊಂಡ ಮೇಲೆ ನೀವು ಬರೆದು ಕಳಿಸಿ: "ನಾನು ತಿಳಿದುಕೊಂಡದ್ದು: 1 ಇಬ್ಬರೂ, 3 ಹೌದು, 5 ಈಗ ಬೇಡ. ತಪ್ಪಿದ್ದರೆ ತಿಳಿಸಿ." 5 ಲಕ್ಷದ ಮಾತು ಇದು. ವಾಹನದ ಸದ್ದಿನಲ್ಲಿ "ಕೊಡಬೇಡಿ" ಎಂಬುದು "ಕೊಡಿ" ಎಂದು ಕೇಳಿಸಿರಬಹುದು. ಫೋನಿನಲ್ಲಿ ಮಾತಾಡಿದರೂ ಇದೇ ಕ್ರಮ.

ಇನ್ನು ಒಂದೊಂದು ಪ್ರಶ್ನೆ ನಂಬರಿಗೆ ಒಗ್ಗುವುದೇ ಇಲ್ಲ. ಅಣ್ಣ ತಂಗಿ ಮಾತು ಬಿಟ್ಟಿದ್ದಾರೆ, ತಂಗಿ ಸಹಿ ಹಾಕುತ್ತಾರೋ ಇಲ್ಲವೋ ಅನುಮಾನ, ಈ ವ್ಯವಹಾರಕ್ಕೆ ಇಳಿಯಬೇಕೇ ಬೇಡವೇ ಎಂಬಂಥದ್ದು. ಅದಕ್ಕೆ ವಕೀಲರು ನಿಮ್ಮನ್ನೇ ನಾಲ್ಕು ಮಾತು ಕೇಳಬೇಕು, ನೀವು ಹೇಳಬೇಕು. ಅಂಥದ್ದಿದ್ದರೆ ಪಟ್ಟಿಯ ಕೆಳಗೆ "ಇದಲ್ಲದೆ ಒಂದು ವಿಷಯ ಮಾತಾಡಬೇಕಿತ್ತು, ಹತ್ತು ನಿಮಿಷ ಯಾವಾಗ ಸಿಗುತ್ತೀರಿ?" ಎಂದು ಒಂದು ಸಾಲು ಬರೆಯಿರಿ, ಅದಕ್ಕೆ ನಂಬರ್ ಹಾಕಬೇಡಿ.

ನಿಮ್ಮ ವಿಷಯದಲ್ಲಿ ಈಗ ಮಾಡಬೇಕಾದ್ದು ಇಷ್ಟು. ಮಾರುವವರಿಗೆ ಫೋನ್ ಮಾಡಿ ತಂದೆ, ತಾಯಿ, ಅಜ್ಜಿ, ತಂಗಿಯ ವಿವರ ತಿಳಿದುಕೊಳ್ಳಿ. ಇ.ಸಿ. ತೆಗೆದು ಒಂದೊಂದೇ ನಮೂದು ಓದಿ, ಯಾವ ವರ್ಷದಿಂದ ಶುರುವಾಗಿದೆ ನೋಡಿ. ಆಮೇಲೆ ಮೇಲಿನ ಮಾದರಿಯಲ್ಲಿ ನಿಮ್ಮ ಪ್ರಶ್ನೆ ಬರೆದು ಕಳಿಸಿ. ಹಳೆಯ ಮೆಸೇಜ್ ಬಗ್ಗೆ ಏನೂ ಹೇಳಬೇಕಿಲ್ಲ. ಉತ್ತರ ಬರುವವರೆಗೆ 5 ಲಕ್ಷ ನಿಮ್ಮ ಅಕೌಂಟಿನಲ್ಲೇ ಇರಲಿ.